ಕಾಕಾ ಊದುತ್ತಿದ್ದ ನಾಜಲ್

ಮೊನ್ನೆ ಮಗನೊಂದಿಗೆ ಅಥಣಿ ಬಸ್ಸಿನಲ್ಲಿ ಕೂತಿದ್ದಾಗ, ದ್ರಾಕ್ಷಿ ತೋಟಕ್ಕೆ ಹೊಡೆಯುತ್ತಿದ್ದ ಔಷಧದ ವಾಸನೆ ಕಿಟಕಿಯಿಂದ ಬಂತು. ತಟ್ಟನೆ ಕಿಟಕಿ ಮುಚ್ಚಿದೆ. ಚಿಕ್ಕಂದಿನ ಎದುರುಮನೆಯ ಕಾಕಾ ನೆನಪಾದರು...

ಶೇಡಬಾಳದ ಹತ್ತಿರ ಅವರದೊಂದು ದ್ರಾಕ್ಷಿ ತೋಟವಿತ್ತು. ಬೆನ್ನಿಗೆ ಔಷಧದ ಪಂಪು ಏರಿಸುವ ಮುನ್ನ ನನ್ನನ್ನೂ ಐದು ವರ್ಷದ ತಂಗಿಯನ್ನೂ ದೂರ ನಿಲ್ಲಿಸಿ, “ಹತ್ರ ಬರಬ್ಯಾಡ್ರಿ ಲೇ, ವಿಷ ಐತಿ!” ಎಂದು ಪ್ರತಿಸಲ ಗದರುತ್ತಿದ್ದರು. ನಾವು ದೂರ ನಿಂತು ನೋಡುತ್ತಿದ್ದೆವು. ನೋಡಬೇಡಿ ಎಂದು ಯಾರೂ ಹೇಳಿರಲಿಲ್ಲವಲ್ಲ! ಪಂಪಿನ ತುದಿಯಲ್ಲಿ ಔಷಧ ಚಿಮ್ಮಿಸುವ ನಾಜಲ್‌ನಲ್ಲಿ ಕಸ ಸಿಕ್ಕಿದರೆ ಕಾಕಾ ಅದನ್ನು ಬಿಚ್ಚಿ, ತೊಡೆಗೆ ಎರಡು ಸಲ ಕುಟ್ಟಿ, ಬಾಯಿಗಿಟ್ಟು ಊದಿ, ಉಗುಳಿ, ತುಟಿಯನ್ನು ಹೆಗಲಿಗೆ ಒರೆಸಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಅವರು ಊಟಕ್ಕೆ ಕೂತಿದ್ದಾಗ ಪಕ್ಕದಲ್ಲಿ ಬಿಚ್ಚಿಟ್ಟಿದ್ದ ನಾಜಲನ್ನು ತಂಗಿ ಎತ್ತಿಕೊಂಡಳು. ತೊಡೆಗೆ ಎರಡು ಸಲ ಕುಟ್ಟಿದಳು. ಬಾಯಿಗಿಟ್ಟು ಊದಿದಳು, ಉಗುಳಿದಳು, ಹೆಗಲಿಗೆ ತುಟಿ ಒರೆಸಿಕೊಂಡಳು. ಒಂದೂ ಬಿಟ್ಟಿರಲಿಲ್ಲ. ನಾನು ನಕ್ಕೆ... ದೇವರೇ, ನಕ್ಕೆ! ಕಾಕಾ ಮಾತ್ರ ರೊಟ್ಟಿ ಬಿಸಾಡಿ ಓಡಿಬಂದರು.

ಅವಳ ಬಾಯಿ ತೊಳೆಸಿ, ಡಾಕ್ಟರಿಗೆ ತೋರಿಸಲು ಔಷಧದ ಬಾಟಲಿ ಚೀಲಕ್ಕೆ ಹಾಕಿಕೊಂಡು, ನಮ್ಮಿಬ್ಬರನ್ನೂ ಬೈಕಿಗೆ ಹತ್ತಿಸಿದರು. ನಡುವೆ ಕೂತ ತಂಗಿಯನ್ನು ನಾನು ಹಿಂದಿನಿಂದ ಅವುಚಿ ಹಿಡಿದಿದ್ದೆ. ಅರ್ಧ ದಾರಿಯಲ್ಲಿ ಅವಳ ಬಾಯಿಂದ ಜೊಲ್ಲು ಸುರಿದು ನನ್ನ ಕೈ ಒದ್ದೆಯಾಯಿತು. ಕತ್ತು ವಾಲಿತು. ಸತ್ತೇಹೋದಳು ಎಂದುಕೊಂಡೆ. ಕಾಕಾಗೆ ಹೇಳಲೂ ಧೈರ್ಯ ಸಾಲಲಿಲ್ಲ.

ಆಸ್ಪತ್ರೆಯಲ್ಲಿ ಇಂಜೆಕ್ಷನ್, ಸಲೈನ್ ಎಲ್ಲ ಆಗಿ ಸಂಜೆಗೆ ಅವಳು ಕಣ್ಣು ಬಿಟ್ಟಳು. ಡಾಕ್ಟರು ಬಗ್ಗಿ ಕೇಳಿದರು, “ವಿಷ ಅಂತ ಯಾರೂ ಹೇಳಿದ್ದಿಲ್ಲೇನವಾ?”

“ಹೇಳ್ಯಾರ್ರಿ... ಆದ್ರ ಕಾಕಾ ದಿನಾ ಊದ್ತಾರ. ಅವ್ರಿಗೇನೂ ಆಗಂಗಿಲ್ಲ.”

ಬಾಗಿಲ ಬಳಿ ನಿಂತಿದ್ದ ಕಾಕಾ ಮಂಚದ ಹತ್ತಿರ ಬಂದರು. “ಆಕಿಗಿ ನಾನ ಕಲಿಸೀನ್ರಿ ಸಾಹೇಬ್ರ” ಎಂದಷ್ಟೇ ಹೇಳಿದರು.

ಆಮೇಲೆ ಅವರು ಗದರುವುದನ್ನೇ ಬಿಟ್ಟರು. ಕೈಗವಸು, ಮೂಗು-ಬಾಯಿಗೆ ಮಾಸ್ಕ್, ನಾಜಲ್ ತೊಳೆಯಲು ಒಂದು ಬಕೆಟ್ ನೀರು, ಹಳೆಯ ಬ್ರಷ್. ಯಾರೂ ನೋಡದಿದ್ದಾಗಲೂ ಹಾಗೆಯೇ ಮಾಡುತ್ತಿದ್ದರು. ತಿಂಗಳೊಳಗೆ ತಂಗಿ ಆಟದ ಪಂಪನ್ನು ಬ್ರಷ್ಷಿನಿಂದ ಉಜ್ಜತೊಡಗಿದಳು, ಮುಖಕ್ಕೆ ಅವ್ವನ ಕರವಸ್ತ್ರ ಕಟ್ಟಿಕೊಂಡು. ಅದನ್ನು ಕಂಡು ಕಾಕಾ ಅತ್ತಿದ್ದನ್ನು ನಾನು ನೋಡಿದ್ದೇನೆ.

ಹೋದ ವರ್ಷ ಕಾಕಾ ತೀರಿಕೊಂಡರು. ಮೊನ್ನೆ ಅವರನ್ನೇ ನೆನೆಯುತ್ತ, ಬಸ್ಸು ಅಥಣಿ ಸ್ಟ್ಯಾಂಡಿಗೆ ತಿರುಗುತ್ತಿದ್ದಂತೆ ಎಂದಿನಂತೆ ಎದ್ದು, ಇನ್ನೂ ಉರುಳುತ್ತಿದ್ದ ಬಸ್ಸಿನಿಂದ ಕೆಳಗೆ ಹಾರಿದೆ. “ಬಸ್ ನಿಂತ ಮ್ಯಾಲ ಇಳಿಯಪಾ” ಎಂದು ತಿರುಗಿದೆ. ಮಗ ಆಗಲೇ ಕೊನೆಯ ಮೆಟ್ಟಿಲಲ್ಲಿದ್ದ. ನನ್ನ ಹಾಗೆಯೇ ಒಂದು ಕೈ ಕಂಬಿಗೆ, ಎಡಗಾಲು ಗಾಳಿಯಲ್ಲಿ.