ಪುಟ್ಟಬಸವಯ್ಯನ ಸ್ವಂತ ಟ್ರಾವೆಲರ್

ನಮ್ಮ ನರಸೀಪುರದ ಪುಟ್ಟಬಸವಯ್ಯನಿಗೆ ಸ್ಟೇರಿಂಗ್ ಹಿಡಿದೇ ತಲೆ ನರೆತಿತ್ತು. ಹಿಡಿದದ್ದೆಲ್ಲ ಬೇರೆಯವರ ಗಾಡಿ. ೨೦೦೨ರ ದಸರೆ ಮುಗಿದ ವಾರ ನನ್ನ ಟೈಲರ್ ಅಂಗಡಿಗೆ ಏದುಸಿರು ಬಿಡುತ್ತ ಬಂದ. ಮೈಸೂರಲ್ಲಿ ಒಂದು ಹಳೆಯ ಟೆಂಪೋ ಟ್ರಾವೆಲರ್ ಮಾರಾಟಕ್ಕಿದೆಯಂತೆ.

"ಗುರುಸಾಮಿ, ಈ ಸಲ ಮಕರಜ್ಯೋತಿಗೆ ನಿಮ್ ತಂಡವ ನನ್ ಸ್ವಂತ ಗಾಡೀಲೇ ಕರ್ಕೊಂಡೋಯ್ತೀನಿ!"

ನಮ್ಮ ಬೀದಿಯಲ್ಲಿ ಅಯ್ಯಪ್ಪನ ಮಾಲೆ ಹಾಕುವವರಿಗೆ ನಾನೇ ಗುರುಸ್ವಾಮಿ. ಅವನ ಹುರುಪು ನೋಡಿ ಹೂಂ ಎಂದುಬಿಟ್ಟೆ.

ಅವನ ಹೆಂಡತಿ ಗೋವಿಂದಮ್ಮನದು ಮಾತ್ರ ಹೊಸದೇ ಆಗಬೇಕೆಂಬ ಹಟ. ಹೊಸದಕ್ಕಾದರೆ ಬ್ಯಾಂಕಿನವರು ಸಾಲ ಕೊಡುತ್ತಿದ್ದರು. ಕಂತು ನೆನೆದೇ ಇವನಿಗೆ ನಡುಕ.

"ಆಷಾಢದಲ್ಲಿ ಮದ್ವೆ ದಿಬ್ಣ ಇರಲ್ಲ ಕಣಮ್ಮಿ, ಕಂತು ಯಾರ್ ಕಟ್ಟರು?"

"ಆಷಾಢ ಸುಕ್ರವಾರ ಚಾಮುಂಡಿ ಬೆಟ್ಟಕ್ ಓಗೋ ಎಂಗಸ್ರು ಆರ್ಕೊಂಡ್ ಓದಾರಾ? ಎಮ್ಮಿಗೆ ಊರೊಂದ್ರಿಂದ್ಲೇ ಗಾಡಿ ತುಂಬಿಸ್ತೀನಿ, ನೋಡ್ತಿರು!"

ಕೇಳುವ ಆಸಾಮಿಯೇ ಅವನು? ಮರುದಿನ ನನ್ನನ್ನೂ ಎಳೆದುಕೊಂಡು ಮೈಸೂರಿಗೆ ಹೋದ. ಗಾಡಿ ಫಳಫಳ ಹೊಳೆಯುತ್ತಿತ್ತು, ಇಂಜಿನ್ನೂ ಚೆನ್ನಾಗಿತ್ತು. ಮುಂಗಡ ತೆಗೆಯುತ್ತಲೇ ಆರ್.ಸಿ. ಪುಸ್ತಕ ತಿರುವಿದವನ ಮುಖ ಹುಳ್ಳಗಾಯಿತು. ಗಾಡಿ ರಿಜಿಸ್ಟರ್ ಆದದ್ದು ೧೯೯೫ರ ಜನವರಿ ಮೊದಲ ವಾರ. ಇಂಥ ಗಾಡಿಗೆ ಎಂಟು ವರ್ಷ ತುಂಬಿದರೆ, ಹೊರರಾಜ್ಯಕ್ಕೆ ಹೋಗಲು ಬೇಕಾದ ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ನಿಂತುಹೋಗುತ್ತದೆ. ಅಂದರೆ ಸರಿಯಾಗಿ ಮಕರಜ್ಯೋತಿಗೆ ಮುಂಚೆ!

"ಟ್ರಿಪ್ಪಿಗೊಂದು ಸ್ಪೆಷಲ್ ಪರ್ಮಿಟ್ ಮಾಡ್ಸು ಬುಡು," ಎಂದ ಬ್ರೋಕರ್ ರಂಗನಾಯಕ.

"ಸೀಸನ್ನಲ್ಲಿ ಗಾಡಿ ಓಡ್ಸನಾ, ಆರ್.ಟಿ.ಓ. ಆಫೀಸ್ ಬಾಗ್ಲು ಕಾಯನಾ?" ಎಂದು ಪುಟ್ಟಬಸವಯ್ಯ ದುಡ್ಡನ್ನು ಜೇಬಿಗೆ ತುರುಕಿಕೊಂಡ.

ಬಸ್ಸಿನಲ್ಲಿ ಊರಿಗೆ ಬಂದಿಳಿದವನೇ ನೆಟ್ಟಗೆ ಮನೆಗೆ ನಡೆದ. ಬಾಗಿಲಲ್ಲೇ ಗೋವಿಂದಮ್ಮನಿಗೆ, "ಒಸದೇ ಬುಕ್ ಮಾಡಮ ಕಣಮ್ಮಿ" ಎಂದ.

ಹೊಸದು ಅಷ್ಟು ಸುಲಭಕ್ಕೆ ಬರುತ್ತದೆಯೇ? ಸಾಲ ಮಂಜೂರಾಗಿ ಗಾಡಿ ಕೈಸೇರುವಷ್ಟರಲ್ಲಿ ಮಾಲೆಯವರ ಮೊದಲ ಭರಾಟೆ ಮುಗಿದಿತ್ತು. ರಿಜಿಸ್ಟ್ರೇಷನ್ ಆಯಿತು, ಪರ್ಮಿಟ್ ಬರಲಿಲ್ಲ. ಪರ್ಮಿಟ್ ಇಲ್ಲದೆ ಕೇರಳಕ್ಕೆ ಹೋಗುವಂತಿಲ್ಲ. ತಂಡದವರು ಬೇರೆ ವ್ಯಾನು ನೋಡೋಣವೆಂದು ನನ್ನ ತಲೆ ತಿಂದರು. ನಾನೂ ಇನ್ನೇನು ಒಪ್ಪಬೇಕು, ಹೊರಡುವ ಹಿಂದಿನ ದಿನ ಪರ್ಮಿಟ್ ಹಿಡಿದು ಅವನು ಓಡೋಡಿ ಬಂದ. "ಸಿಕ್ತು ಗುರುಸಾಮಿ, ಸಿಕ್ತು!" ಕುಣಿಯುವುದೊಂದು ಬಾಕಿ.

ಬಿಳಿ ಗಾಡಿ, ನಡುವೆ ನೀಲಿ ಪಟ್ಟೆ. ನಂಜನಗೂಡಿನಲ್ಲಿ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಟೆವು. ನನಗೂ ಮೈ ಜುಮ್ಮೆನ್ನುತ್ತಿತ್ತು.

ಕೇರಳದ ಚೆಕ್‌ಪೋಸ್ಟಿನಲ್ಲಿ ಟ್ಯಾಕ್ಸ್ ಕಟ್ಟಿಸಿಕೊಂಡ ಅಧಿಕಾರಿ ಪರ್ಮಿಟ್ ನೋಡಿದ. "ಓನರ್ ಎಲ್ಲಿ?"

"ಊರಲ್ಲವ್ರೆ ಸಾ," ಎಂದುಬಿಟ್ಟ ಪುಟ್ಟಬಸವಯ್ಯ. ಜನ್ಮವಿಡೀ ಹೇಳಿದ್ದು ಅದೇ ಉತ್ತರವಲ್ಲವೇ!

ನಾನು ಕಿಟಕಿಯಿಂದ ಅವನಿಗೆ ಕೂಗಿ ಹೇಳಿದೆ: "ಸ್ವಾಮೀ, ಓನರು ನೀವೇ!"

ಅವನು ತಿರುಗಿ ನನ್ನನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿದ. ಆಮೇಲೆ ಎದೆ ತಟ್ಟಿಕೊಂಡ. "ಅಯ್ಯೋ, ನಾನೇ ಸಾ! ನಾನೇ ಓನರು!"

ಅಧಿಕಾರಿ ಮುಖ ಎತ್ತದೆ ಸೀಲು ಒತ್ತಿದ. ಪುಟ್ಟಬಸವಯ್ಯ ಬಂದು ಕೂತು, ಕಣ್ಣೊರೆಸಿಕೊಂಡು ಗಾಡಿ ಎತ್ತಿದ.