ಸೊಂಟದ ಪಕ್ಕದ ನೀಲಿ

ನಮ್ಮ ಪೋಸ್ಟರ್ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಸಂದಿ ಅಕ್ಕ ಎಂದು. ವಿಗ್ರಹದ ಫೋಟೋದಿಂದ ಹಿನ್ನೆಲೆ ಕತ್ತರಿಸಲು ಕೊಟ್ಟರೆ ಬೇರೆಯವರು ಹೊರಗಿನ ಅಂಚಿಗೆ ಗೆರೆ ಸುತ್ತಿಸಿ ಕೈತೊಳೆದುಕೊಳ್ಳುತ್ತಾರೆ. ಇವಳು ಕಂಪ್ಯೂಟರ್ ಪರದೆಗೆ ಮೂಗು ತಾಗಿಸಿಕೊಂಡು ಒಳಗಿನ ಸಂದಿಗಳನ್ನು ಹುಡುಕುತ್ತಾಳೆ. ಸರದ ಎಳೆಗಳ ನಡುವೆ ಕಾಣುವುದು ದೇವಿಯ ಎದೆ, ಅದನ್ನು ಮುಟ್ಟಬಾರದು. ತೋಳಿಗೂ ಸೊಂಟಕ್ಕೂ ನಡುವೆ ಕಾಣುವುದು ಹಿಂದಿನ ಗೋಡೆ, ಅದನ್ನು ಬಿಡಬಾರದು. ಬಿಟ್ಟರೆ ಹೊಸ ಬಣ್ಣದ ಮೇಲೆ ಹಳೆಯ ಗೋಡೆ ತೇಪೆಯಂತೆ ಉಳಿಯುತ್ತದೆ. ಪ್ರಿಂಟಿಂಗ್ ಮಷೀನ್ ನೋಡಿಕೊಳ್ಳುವ ನನಗೂ ಇದನ್ನು ಹೇಳಿ ಹೇಳಿ ತಲೆ ತಿನ್ನುತ್ತಾಳೆ.

ಈ ವಿದ್ಯೆ ಅವಳಿಗೆ ಗಂಡನಿಂದ ಬಂದದ್ದು. ನಾವು ಅವರನ್ನು ಭಾವ ಎನ್ನುತ್ತಿದ್ದೆವು. ಅದೇ ಕುರ್ಚಿಯಲ್ಲಿ ಕೂತು ನಾಲ್ಕು ಕೈಯ ದೇವಿಯನ್ನು ಕತ್ತರಿಸುತ್ತಿದ್ದಾಗ ಎದೆನೋವೆಂದು ಎದ್ದು ಹೋದವರು ಮತ್ತೆ ಬರಲಿಲ್ಲ. ಸೊಂಟದ ಮೇಲಿಟ್ಟ ಎಡಗೈಯ ಸಂದಿಯೊಂದು ಮಾತ್ರ ಉಳಿದಿತ್ತು. ಅಲ್ಲಿ ಕಾಣುತ್ತಿದ್ದ ಗೋಡೆ ನೀಲಿ. ಮಾಲೀಕರು ಪೋಸ್ಟರಿನ ಹಿನ್ನೆಲೆಗೂ ಅದೇ ನೀಲಿ ಬಳಿಸಿ ಪ್ರಿಂಟ್ ಮಾಡಿಸಿದರು. ಯಾರಿಗೂ ಗೊತ್ತಾಗಲಿಲ್ಲ. ಆಮೇಲೂ ಆ ಪೋಸ್ಟರಿನ ಗಿರಾಕಿ ಬಂದಾಗಲೆಲ್ಲ ನೀಲಿಯೇ ಹೋಯಿತು.

ಈ ಸಲ ಅವನಿಗೆ ಕೆಂಪು ಬೇಕಿತ್ತು. ಕೆಂಪು ಹಾಕಿದೊಡನೆ ಸೊಂಟದ ಪಕ್ಕ ನೀಲಿ ಚೂರು ಎದ್ದು ಕಂಡಿತು. ಒಂದು ಬಟನ್ ಒತ್ತಿದರೆ ಹಿನ್ನೆಲೆ ತಾನೇ ಹೋಗುತ್ತದೆ, ಹೊಸದಾಗಿ ಕತ್ತರಿಸಿಬಿಡು ಎಂದರು ಮಾಲೀಕರು. ಅದು ತೋಳಿನ ವಂಕಿಯ ಮುತ್ತನ್ನೂ ನುಂಗುತ್ತದೆ ಎಂದು ನಾನು ಗೊಣಗಿದೆ. ಅವಳು ಫೈಲಿನಲ್ಲಿ ಉಳಿದಿದ್ದ ಹಳೆಯ ಗೆರೆಯನ್ನು ತೆರೆದಳು.

ಭಾವ ಬಳೆಯಿಂದ ಹೊರಟು, ಮುಂಗೈಯ ಅಂಚಿಗೆ ಒಂದೊಂದೇ ಚುಕ್ಕೆ ಇಡುತ್ತಾ ಗೆರೆ ಎಳೆದುಕೊಂಡು ಹೋಗಿದ್ದರು. ಗೆರೆ ಮೊಣಕೈ ಹತ್ತಿರ ನಿಂತುಬಿಟ್ಟಿತ್ತು. ಇಷ್ಟು ದಿನ ಅವಳು ಅದನ್ನು ಮುಟ್ಟದೆ ಬಿಟ್ಟಿದ್ದೇಕೆಂದು ನನಗೆ ಆಗ ಹೊಳೆಯಿತು.

"ಅರ್ಧ ಇರೋ ತನಕ, ಎದ್ದು ಹೋದವ್ರು ಬಂದು ಮುಗಿಸ್ತಾರೆ ಅನ್ನೋ ಹಾಗಿತ್ತು ಕಣೋ," ಎಂದಳು.

ನಾನು ಮಾಡಿಕೊಡಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದಳು.

ಭಾವನ ಕೊನೆಯ ಚುಕ್ಕೆಯ ಮೇಲೆ ಕ್ಲಿಕ್ ಮಾಡಿದಳು. ಗೆರೆ ಅಲ್ಲಿಂದಲೇ ಮುಂದೆ ಹೊರಟಿತು. ಮೊಣಕೈ ಬಳಸಿ, ತೋಳಿನ ಒಳಗೆ ಹತ್ತಿ, ವಂಕಿಯಿಂದ ಇಳಿಬಿದ್ದ ಮುತ್ತುಗಳನ್ನು ಒಂದೊಂದಾಗಿ ಸುತ್ತಿ, ಪಕ್ಕೆಲುಬಿನುದ್ದಕ್ಕೂ ಇಳಿದು, ಸೊಂಟದ ಡಾಬಿನ ಅಂಚು ಹಿಡಿದು ಬಳೆಗೆ ಬಂತು. ಮೊದಲ ಚುಕ್ಕೆಗೆ ಸೇರಿಸುವಾಗ ಅವಳ ಕೈ ನಿಂತಿತು. ಅವಳಿಗೆ ಅವರು ಬೇಕಿತ್ತು, ಬೇರೇನೂ ಬೇಕಿರಲಿಲ್ಲ. ಕೊನೆಗೆ ಒತ್ತಿದಳು. ಗೆರೆಯೊಳಗಿನದನ್ನು ಆಯ್ದು ಅಳಿಸಿದಳು. ನೀಲಿ ಹೋಗಿ ಕೆಂಪು ತುಂಬಿತು.

ನಾನು ಪ್ರಿಂಟ್‌ಗೆ ಹಾಕಲು ಎದ್ದೆ. ಅವಳು ತಡೆದು, ಮತ್ತೆ ಆ ಗೆರೆಯನ್ನು ತೆರೆದು ಪರದೆಯ ಮೇಲೆ ಬೆರಳಾಡಿಸಿದಳು.

"ಸ್ವಲ್ಪ ನೋಡಿ ಹೇಳೋ," ಎಂದಳು. "ಅವ್ರ ಚುಕ್ಕೆ ಎಲ್ಲಿಗೆ ಮುಗೀತು ಅಂತ ನಂಗೆ ಗೊತ್ತಾಗ್ತಿಲ್ಲ."