ಉಪವಾಸದ ಮಡಿಗೆ ಫರಾಳ

ಬ್ರಿಟಿಷರು ಇನ್ನೂ ಇದ್ದ ಕಾಲ. ಪುಣೆಯ ಒಂದು ಕೃಷಿ ಕಾಲೇಜಿನ ಹೊಲದಲ್ಲಿ ನಾನು ಮೇಲ್ವಿಚಾರಕ. ಮ್ಯಾಟ್ರಿಕ್ ಪಾಸಾಗಿದ್ದೆ, ಆದ್ದರಿಂದ ಎಲ್ಲ ಗೊತ್ತಿತ್ತು.

ಬೆಳಗಾವಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಸಜ್ಜೆಯ ಪ್ರಯೋಗ ಹಾಕಿದ್ದಳು. ಕೆಲವು ಮಡಿಗಳಿಗೆ ಶೇಂಗಾ ಹಿಂಡಿ, ಕೆಲವಕ್ಕೆ ತಿಪ್ಪೆಗೊಬ್ಬರ, ಕೆಲವಕ್ಕೆ ಏನೂ ಇಲ್ಲ. ಹೊಲವನ್ನು ನಾಲ್ಕು ಪಟ್ಟಿ ಮಾಡಿ, ಪ್ರತಿ ಪಟ್ಟಿಯಲ್ಲೂ ಮೂರನ್ನೂ ಚೀಟಿ ಎತ್ತಿ ಹಂಚಿದ್ದಳು. ಏನೂ ಹಾಕದವನ್ನು ನಾವು ಉಪವಾಸದ ಮಡಿ ಎನ್ನುತ್ತಿದ್ದೆವು. ಪ್ರಯೋಗ ಈ ವರ್ಷ ಮುಗಿಯದಿದ್ದರೆ ಓದು ಬಿಡಿಸಿ ಮದುವೆ ಮಾಡುವುದಾಗಿ ಅವಳ ಅಪ್ಪ ಹೇಳಿಬಿಟ್ಟಿದ್ದರು.

ಶ್ರಾವಣ ಸೋಮವಾರ ನಾನೂ ಉಪವಾಸ. ಪುಣೆಯಲ್ಲಿ ಉಪವಾಸವೆಂದರೆ ಸಾಬೂದಾಣಿ ಖಿಚಡಿ, ಬಟಾಟೆ, ಶೇಂಗಾ ಉಂಡಿ. ಈ ಫರಾಳ ಮುಗಿಸಿ ಏಳುವುದೇ ಕಷ್ಟ. ಹಾಗೆ ತೃಪ್ತನಾಗಿ ಹೊಲಕ್ಕೆ ಹೋದರೆ ಎರಡು ಉಪವಾಸದ ಮಡಿಗಳ ಸಜ್ಜೆ ಹಳದಿಯಾಗಿ ನಿಂತಿತ್ತು. ಉಂಡು ಬಂದ ನನಗೆ ಅವುಗಳ ಹಸಿವು ನೋಡಲಾಗಲಿಲ್ಲ. ಅವೆರಡಕ್ಕೂ ಹಿಂಡಿಪುಡಿ ಎರಚಿ ನೀರು ಬಿಟ್ಟೆ. ಪುಣ್ಯ ಬಂದಂತಾಯಿತು.

ಸುಗ್ಗಿಯಲ್ಲಿ ತೆನೆ ತೂಗಿದಾಗ ಆ ಎರಡು ಉಪವಾಸಿಗಳು ಉಂಡವರ ಸಮಕ್ಕೆ ಬಂದವು. ಉಳಿದೆರಡು ಸೊರಗಿದ್ದವು. ಲೆಕ್ಕ ನೋಡಿದ ಅವಳ ಪ್ರೊಫೆಸರು, ಧಾರವಾಡ ಕಡೆಯವರು, "ಎರರ್ ಭಾಳ ಅದ. ಇದರಿಂದ ಏನೂ ಹೇಳಾಕ ಬರೂದಿಲ್ಲ," ಎಂದರು.

"ನಂದೇನು ತಪ್ಪಾತ್ರಿ?" ಅವಳು ಲೆಕ್ಕದ ಹಾಳೆಯನ್ನು ತನ್ನತ್ತ ಎಳೆದುಕೊಂಡಳು.

"ಎರರ್ ಅಂದ್ರ ತಪ್ಪಲ್ಲ ತಂಗೀ. ಒಂದೇ ನಮೂನಿ ನೋಡಿಕೊಂಡ ಮಡಿನೂ ಒಂದೇ ನಮೂನಿ ಬೆಳ್ಯಾಂಗಿಲ್ಲ. ಮಣ್ಣು, ನೀರು, ಹುಳ, ಎಲ್ಲಾದ್ರಾಗೂ ಫರಕ್ ಇರತದ. ಆ ಫರಕ್ ಅಳ್ಯಾಕಂತನ ನಾಲ್ಕು ಸಲ ಹಾಕೂದು. ಗೊಬ್ಬರದ ಫರಕ್ ಅದಕ್ಕಿಂತ ಚಲೋತ್ನಂಗ ದೊಡ್ಡದಿದ್ರ ಮಾತ್ರ ನಂಬೂದು."

ನನಗೆ ಹಾಯೆನಿಸಿತು. ವಿಜ್ಞಾನವೇ ತಪ್ಪಲ್ಲ ಎಂದಮೇಲೆ ನಾನೇಕೆ ಬಾಯಿ ಬಿಡಲಿ? ಅವಳು ಮಾತ್ರ ತೂಕದ ಪಟ್ಟಿ ಹಿಡಿದು ನನ್ನೆದುರು ಬಂದಳು.

"ಅಣ್ಣಾರ, ಅಲ್ಲಿ ಮಣ್ಣ ಚಲೋ ಇದ್ರ ಬಾಜೂದ ಮಡಿನೂ ಏರಬೇಕಿತ್ತಲ್ರಿ? ಉಪವಾಸ ಇದ್ದದ್ದಷ್ಟ ಹ್ಯಾಂಗ ಏರ್ತು?"

"ಶ್ರಾವಣ ಸೋಮವಾರ ಇತ್ರಿ ಅಕ್ಕಾರ," ಎಂದೆ. "ಸ್ವಲ್ಪ ಫರಾಳ ಹಾಕಿದ್ದೆ."

ಅವಳು ನಗುತ್ತಾಳೆಂದುಕೊಂಡಿದ್ದೆ. "ಎರರ್‌ಗೆ ಲೆಕ್ಕ ಅದರಿ. ನಿಮ್ಮ ದಯಾಕ್ಕ ಯಾವ ಲೆಕ್ಕ ಹಚ್ಚಲಿ?" ಎಂದು ಅಲ್ಲೇ ಬದುವಿನ ಮೇಲೆ ಕುಳಿತುಬಿಟ್ಟಳು.

ಅವಳನ್ನು ಕರೆದೊಯ್ಯಲು ಅಪ್ಪ ಬಂದಾಗ ಕೈಮುಗಿದು ಎಲ್ಲ ಹೇಳಿದೆ. ಬಟ್ಟೆ ಅಂಗಡಿ ಇಟ್ಟಿದ್ದ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಸದ ಬೆಳಿಗೆ ಉಣ್ಣಾಕ ಹಾಕಿದ್ದಕ್ಕ ನನ್ನ ಮಗಳು ನಾಪಾಸಾ? ಎಂಥಾ ಸಾಲಿರಿ ಇದು!" ಎಂದು ಬೈದರೂ ಇನ್ನೊಂದು ಹಂಗಾಮು ಕೊಟ್ಟರು.

ಮರುವರ್ಷ ಸಜ್ಜೆ ಹಳದಿಯಾದಾಗ ನಾನು ಮುಖ ತಿರುಗಿಸಿ ನಡೆದೆ. ಯಾರೂ ಏನೂ ಹಾಕದಿದ್ದರೂ ನಾಲ್ಕು ಉಪವಾಸದ ಮಡಿಗಳ ತೂಕ ನಾಲ್ಕು ತರ ಬಂತು; ಆದರೆ ಆ ಫರಕು ಸಣ್ಣದು, ಹಿಂಡಿ ಉಂಡ ಮಡಿಗಳು ಅವೆಲ್ಲಕ್ಕಿಂತ ಬಹಳ ಮೇಲಿದ್ದವು. ಅವಳು ತಕ್ಕಡಿಯ ಬಳಿ ಹಿಗ್ಗಿದಳು:

"ನೋಡ್ರಿ ಅಣ್ಣಾರ, ಇದು ಖರೇ ಎರರ್!"